ಒಂದು ದೊಡ್ಡ ಮಾನಿಟರ್, ಒಂದು ಚಿಕ್ಕ ಮಾನಿಟರ್: ಎರಡರಲ್ಲೂ ಅಕ್ಷರ ಒಂದೇ ಅಳತೆಗೆ ಬರಬೇಕಾದರೆ

"ಮಾಮ, ಮೌಸ್ ಹೋಗ್ತಾ ಹೋಗ್ತಾ ಗೋಡೆಗೆ ಹೊಡ್ಕೊಂಡ ಹಾಗೆ ನಿಂತ್ಬಿಡತ್ತೆ. ಆ ಕಡೆ ಮಾನಿಟರ್ ಇದೆ, ಆದ್ರೂ ದಾಟಲ್ಲ."

ಶಿವಮೊಗ್ಗದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಮನೆಯಿಂದಲೇ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಐದಾರು ವರ್ಷದಿಂದ 24 ಇಂಚಿನ ಒಂದು ಮಾನಿಟರ್ ಇತ್ತು. ಈಗ 27 ಇಂಚಿನ 4ಕೆ ಮಾನಿಟರ್ ತಂದು ಅದನ್ನು ಎದುರಿಗೆ ಇಟ್ಟುಕೊಂಡಿದ್ದಾಳೆ, ಹಳೆಯದನ್ನು ಬಲಕ್ಕೆ ಸರಿಸಿದ್ದಾಳೆ. ಎರಡನ್ನೂ ಜೋಡಿಸಿ ಆನ್ ಮಾಡಿದ ಮೇಲೆ ಮೂರು ತಕರಾರು. ಒಂದು, ಹೊಸದರಲ್ಲಿ ಅಕ್ಷರ ಒಂದು ಅಳತೆ, ಹಳೆಯದರಲ್ಲಿ ಇನ್ನೊಂದು. ಎರಡು, ಮೌಸ್ ಅರ್ಧ ಜಾಗದಲ್ಲಿ ಮಾತ್ರ ದಾಟುತ್ತದೆ. ಮೂರು, ಅವಳ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಒಂದು ಮಾನಿಟರಿನಲ್ಲಿ ಮಂಜು ಕವಿದ ಹಾಗೆ ಕಾಣುತ್ತದೆ.

ಮಾನಿಟರ್ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಮೂರೂ ತಕರಾರಿನ ಬೇರು ಒಂದೇ: ಕಂಪ್ಯೂಟರ್ ಎಲ್ಲವನ್ನೂ ಚುಕ್ಕಿಯ ಲೆಕ್ಕದಲ್ಲಿ ಅಳೆಯುತ್ತದೆ, ನಮ್ಮ ಕಣ್ಣು ಸೆಂಟಿಮೀಟರ್ ಲೆಕ್ಕದಲ್ಲಿ ನೋಡುತ್ತದೆ. ಒಂದೇ ಮಾನಿಟರ್ ಇರುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎರಡು ಬೇರೆ ಬೇರೆ ಮಾನಿಟರ್ ಪಕ್ಕಪಕ್ಕ ಬಂದಾಗ ಎದ್ದು ಕಾಣುತ್ತದೆ.

ಅವಳ ಮೇಜಿನ ಮೇಲಿನ ಈ ಜೋಡಿಯನ್ನೇ ಹಿಡಿದುಕೊಂಡು ನೋಡೋಣ. ನಿಮ್ಮ ಮಾನಿಟರ್ ಬೇರೆ ಅಳತೆಯದ್ದಾದರೂ ಲೆಕ್ಕ ಮಾಡುವ ರೀತಿ ಇದೇ.

## ಚುಕ್ಕಿ ಎಷ್ಟು, ಚುಕ್ಕಿ ಎಷ್ಟು ಹತ್ತಿರ

ಮಾನಿಟರಿನ ಚಿತ್ರ ಚುಕ್ಕಿಗಳಿಂದ ಆಗಿದೆ. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅನ್ನುವ ಲೆಕ್ಕಕ್ಕೆ ರೆಸಲ್ಯೂಶನ್ ಎನ್ನುತ್ತಾರೆ. ಅಕ್ಕನ ಮಗಳ ಹಳೆಯ ಮಾನಿಟರಿನದು 1920×1080. ಹೊಸ 4ಕೆ ಮಾನಿಟರಿನದು 3840×2160, ಅಂದರೆ ಎರಡೂ ದಿಕ್ಕಿನಲ್ಲಿ ಸರಿಯಾಗಿ ದುಪ್ಪಟ್ಟು. ಒಟ್ಟು ಚುಕ್ಕಿ ನಾಲ್ಕು ಪಟ್ಟು.

ಆದರೆ ಮಾನಿಟರ್ ನಾಲ್ಕು ಪಟ್ಟು ದೊಡ್ಡದಾಗಿಲ್ಲ, ಅಲ್ವಾ? ಹಳೆಯದು ಸುಮಾರು 52.7 ಸೆಂ.ಮೀ. ಅಗಲ, 29.6 ಸೆಂ.ಮೀ. ಎತ್ತರ. ಹೊಸದು 59.8 ಸೆಂ.ಮೀ. ಅಗಲ, 33.6 ಸೆಂ.ಮೀ. ಎತ್ತರ. ಎತ್ತರದಲ್ಲಿ ಬರೀ ನಾಲ್ಕು ಸೆಂಟಿಮೀಟರ್ ಜಾಸ್ತಿ, ಅಷ್ಟೇ. ಅಷ್ಟು ಜಾಗದಲ್ಲಿ ದುಪ್ಪಟ್ಟು ಸಾಲು ಚುಕ್ಕಿ ಇಡಬೇಕಾದರೆ ಒತ್ತೊತ್ತಾಗಿಯೇ ಇಡಬೇಕು.

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಹದಿನೈದು ಚುಕ್ಕಿಯ ರಂಗೋಲಿಯನ್ನು ಅಂಗಳದ ತುಂಬ ಬಿಡಿಸಬಹುದು, ದೇವರ ಮನೆಯ ಹೊಸ್ತಿಲ ಮುಂದಿನ ಅಂಗೈ ಅಗಲದ ಜಾಗದಲ್ಲೂ ಬಿಡಿಸಬಹುದು. ಚುಕ್ಕಿಯ ಎಣಿಕೆ ಅದೇ. ಚುಕ್ಕಿಗಳ ನಡುವಿನ ಅಂತರ ಬದಲಾದ ಹಾಗೆ ರಂಗೋಲಿಯ ಅಳತೆ ಬದಲಾಗುತ್ತದೆ. ಕಂಪ್ಯೂಟರ್ "ಈ ಅಕ್ಷರಕ್ಕೆ ಹದಿನಾರು ಚುಕ್ಕಿ ಎತ್ತರ" ಅಂತ ಬಿಡಿಸಿದರೆ, ಚುಕ್ಕಿ ದೂರ ದೂರ ಇರುವ ಮಾನಿಟರಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ಒತ್ತೊತ್ತಾಗಿರುವ ಮಾನಿಟರಿನಲ್ಲಿ ಪುಟ್ಟದಾಗಿ.

ಈ ಒತ್ತನ್ನು ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಅಳೆಯುತ್ತಾರೆ. ಪಿಪಿಐ ಅನ್ನುವುದು ಇದಕ್ಕೇ. ಕಂಡುಹಿಡಿಯುವುದು ಸುಲಭ: ಅಡ್ಡಕ್ಕಿರುವ ಪಿಕ್ಸೆಲ್ ಎಣಿಕೆಯನ್ನು ಮಾನಿಟರಿನ ಅಗಲದಿಂದ, ಇಂಚಿನಲ್ಲಿ, ಭಾಗಿಸಿದರೆ ಆಯಿತು. ಟೇಪ್ ಹಿಡಿದು ಅಳೆಯಿರಿ, ಚೌಕಟ್ಟು ಬಿಟ್ಟು ಬೆಳಗುವ ಜಾಗವನ್ನು ಮಾತ್ರ. ಹಳೆಯದು 20.74 ಇಂಚು ಅಗಲ, ಹಾಗಾಗಿ ಇಂಚಿಗೆ ಸುಮಾರು 93. ಹೊಸದು 23.53 ಇಂಚು, ಹಾಗಾಗಿ ಸುಮಾರು 163. (24 ಇಂಚು ಅಂತ ಮಾರುವ ಮಾನಿಟರುಗಳಲ್ಲಿ ಹೆಚ್ಚಿನವು ನಿಜಕ್ಕೂ 23.8 ಇಂಚು. ನಾನು ಹಿಡಿದಿರುವ ಲೆಕ್ಕವೂ ಅದೇ.)

93 ಮತ್ತು 163. ಈ ಲೇಖನದಲ್ಲಿ ನೆನಪಿಟ್ಟುಕೊಳ್ಳಬೇಕಾದ ಎರಡು ಸಂಖ್ಯೆ ಇವೇ.

## ರೆಸಲ್ಯೂಶನ್ ಮುಟ್ಟಬೇಡಿ, ಸ್ಕೇಲ್ ಮುಟ್ಟಿ

ಅಕ್ಷರ ಚಿಕ್ಕದಾಗಿ ಕಂಡ ಕೂಡಲೇ ತುಂಬ ಜನ ಮಾಡುವ ಕೆಲಸವನ್ನೇ ಇವಳೂ ಮಾಡಿದ್ದಳು. 4ಕೆ ಮಾನಿಟರಿನ ರೆಸಲ್ಯೂಶನ್ ಅನ್ನು 1920×1080ಕ್ಕೆ ಇಳಿಸಿದ್ದಳು. ಅಕ್ಷರ ದೊಡ್ಡದಾಯಿತು, ನಿಜ. ಆದರೆ ಆಗ ನಾಲ್ಕು ಚುಕ್ಕಿ ಸೇರಿ ಒಂದು ಚುಕ್ಕಿಯ ಕೆಲಸ ಮಾಡುತ್ತವೆ. ದುಡ್ಡು ಕೊಟ್ಟು ತಂದ ಚುಕ್ಕಿಗಳಲ್ಲಿ ಮುಕ್ಕಾಲು ಪಾಲು ಸುಮ್ನೆ ಕೂತ ಹಾಗೆ. ಕನ್ನಡದಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. "ಸ್ವಾತಂತ್ರ್ಯ" ಅಂತ ಟೈಪ್ ಮಾಡಿ ಒತ್ತಕ್ಷರಗಳನ್ನು ನೋಡಿ. ಚುಕ್ಕಿ ಸಾಲದೆ ಹೋದರೆ ವಾವತ್ತು, ರಾವತ್ತು, ಯಾವತ್ತು ಎಲ್ಲ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತವೆ.

ಹಾಗಾಗಿ ಮೊದಲ ಕೆಲಸ, ಎರಡೂ ಮಾನಿಟರಿನ ರೆಸಲ್ಯೂಶನ್ ಅನ್ನು ಅದರದರ ಪೂರ್ತಿ ಎಣಿಕೆಗೆ ಇಡುವುದು. ವಿಂಡೋಸ್ 11ರಲ್ಲಿ `Settings > System > Display`ಗೆ ಹೋದರೆ `Display resolution` ಇದೆ. ಪಟ್ಟಿಯಲ್ಲಿ `Recommended` ಅಂತ ಬರೆದಿರುವುದನ್ನೇ ಆರಿಸಿ. ಅಕ್ಷರದ ಅಳತೆಯನ್ನು ಅದರ ಪಕ್ಕದಲ್ಲೇ ಇರುವ `Scale`ನಿಂದ ಸರಿಮಾಡಬೇಕು.

ಸ್ಕೇಲ್ ಅಂದರೆ ಏನು? "ಒಂದು ಅಕ್ಷರ ಬಿಡಿಸಲು ಎಷ್ಟು ಚುಕ್ಕಿ ಖರ್ಚು ಮಾಡಲಿ?" ಅನ್ನುವುದಕ್ಕೆ ನಾವು ಕೊಡುವ ಉತ್ತರ. 100% ಅಂದರೆ ಇದ್ದಷ್ಟೇ. 200% ಅಂದರೆ ಎರಡೂ ದಿಕ್ಕಿಗೆ ದುಪ್ಪಟ್ಟು. ಇಲ್ಲಿ ಚಿತ್ರವನ್ನು ಎಳೆದು ಹಿಗ್ಗಿಸುವುದಿಲ್ಲ. ಹೆಚ್ಚು ಚುಕ್ಕಿ ಬಳಸಿ ಅಕ್ಷರವನ್ನು ಹೊಸದಾಗಿ ಬಿಡಿಸುತ್ತದೆ. ಅದಕ್ಕೇ ದೊಡ್ಡದಾದರೂ ಚೂಪಾಗಿರುತ್ತದೆ.

ವಿಂಡೋಸ್ ತನ್ನ 100% ಅನ್ನು ಇಂಚಿಗೆ 96 ಪಿಕ್ಸೆಲ್ ಅನ್ನುವ ಹಳೆಯ ಲೆಕ್ಕದ ಮೇಲೆ ಕಟ್ಟಿದೆ. ಹಳೆಯ ಮಾನಿಟರಿನದು 93, ಹತ್ತಿರ ಹತ್ತಿರ ಸರಿ. ಅದಕ್ಕೆ 100% ಸಾಕು. ಹೊಸದಕ್ಕೆ ಎಷ್ಟು? 163 ಅನ್ನು 93ರಿಂದ ಭಾಗಿಸಿದರೆ 1.75. ಅಂದರೆ 175%. ವಿಂಡೋಸ್ ಪಟ್ಟಿಯಲ್ಲಿ 100, 125, 150, 175, 200 ಹೀಗೆ ಮೆಟ್ಟಿಲುಗಳಿರುತ್ತವೆ. ಈ ಜೋಡಿಗೆ ಮಾತ್ರ ಸರಿಯಾದ ಮೆಟ್ಟಿಲೇ ಸಿಕ್ಕಿಬಿಟ್ಟಿದೆ. ನಿಮ್ಮ ಭಾಗಾಕಾರ 1.6 ಅಂತ ಬಂದರೆ 150 ಮತ್ತು 175 ಎರಡನ್ನೂ ಹಾಕಿ ನೋಡಿ, ಕಣ್ಣಿಗೆ ಹಿಡಿಸಿದ್ದನ್ನು ಇಟ್ಟುಕೊಳ್ಳಿ.

ಇಲ್ಲೊಂದು ಸಣ್ಣ ಎಡವಟ್ಟು ಆಗುತ್ತದೆ. ಈ ಪುಟದ ಮೇಲ್ಗಡೆ 1, 2 ಅಂತ ನಂಬರ್ ಹಾಕಿದ ಎರಡು ಚೌಕ ಇರುತ್ತವೆ. ಯಾವ ಚೌಕವನ್ನು ಒತ್ತಿದ್ದೀರೋ ಆ ಮಾನಿಟರಿನ ಸ್ಕೇಲ್ ಮಾತ್ರ ಬದಲಾಗುತ್ತದೆ. ಯಾವುದು ಒಂದು, ಯಾವುದು ಎರಡು ಅಂತ ಗೊತ್ತಾಗದಿದ್ದರೆ `Identify` ಒತ್ತಿ, ಮಾನಿಟರಿನ ಮೇಲೆಯೇ ನಂಬರ್ ಕಾಣುತ್ತದೆ. ಇನ್ನೊಂದು ಮಾತು: ಪಟ್ಟಿಯಲ್ಲಿ ಇಲ್ಲದ 170% ಥರದ ಸಂಖ್ಯೆಯನ್ನು ನಾವೇ ಬರೆಯಲು `Custom scaling` ಅಂತ ಒಂದು ಖಾನೆ ಇದೆ. ಎರಡು ಮಾನಿಟರ್ ಇರುವವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಅಲ್ಲಿ ಬರೆದದ್ದು ಎಲ್ಲ ಮಾನಿಟರಿಗೂ ಒಟ್ಟಿಗೆ ಅನ್ವಯವಾಗುತ್ತದೆ, ಒಂದೊಂದಕ್ಕೆ ಬೇರೆ ಬೇರೆ ಇಡುವ ಅನುಕೂಲವೇ ಹೋಗುತ್ತದೆ.

## ಸ್ಕೇಲಿನಲ್ಲಿ ಅಳೆದು ನೋಡುವುದು

ಸ್ಕೇಲ್ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಶಾಲೆಯ ಮಕ್ಕಳ ಮರದ ಸ್ಕೇಲ್ ಸಾಕು, 30 ಸೆಂಟಿಮೀಟರಿನದು. ವರ್ಡ್‌ನಲ್ಲಿ ಒಂದು ಎ4 ಹಾಳೆ ತೆರೆಯಿರಿ. ಕೆಳಗಿನ ಮೂಲೆಯಲ್ಲಿ ಜೂಮ್ 100% ಇರಲಿ. ಮಾನಿಟರಿನ ಮೇಲೆ ಕಾಣುವ ಬಿಳಿ ಹಾಳೆಯ ಅಗಲ ಅಳೆಯಿರಿ. ಆಮೇಲೆ ಅದೇ ವಿಂಡೋವನ್ನು ಪಕ್ಕದ ಮಾನಿಟರಿಗೆ ಎಳೆದು ಮತ್ತೆ ಅಳೆಯಿರಿ.

ಅವಳ ಹಳೆಯ ಮಾನಿಟರಿನಲ್ಲಿ 100% ಸ್ಕೇಲಿಗೆ ಹಾಳೆ ಸುಮಾರು 21.8 ಸೆಂ.ಮೀ. ಬರಬೇಕು. ನಿಜವಾದ ಎ4 ಹಾಳೆ 21 ಸೆಂ.ಮೀ., ಹಾಗಾಗಿ ಹೆಚ್ಚುಕಡಿಮೆ ಪೇಪರಿನಷ್ಟೇ. 4ಕೆ ಮಾನಿಟರಿನಲ್ಲಿ 100% ಇಟ್ಟರೆ ಅದೇ ಹಾಳೆ 12.4 ಸೆಂ.ಮೀ.ಗೆ ಕುಗ್ಗುತ್ತದೆ, ಸಣ್ಣ ಡೈರಿಯ ಅಗಲ. 150%ಗೆ 18.5. 175%ಗೆ 21.6. 200%ಗೆ 24.7. 21.8 ಮತ್ತು 21.6ರ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊಸ 27 ಇಂಚಿನ 4ಕೆ ಮಾನಿಟರ್ ಸಿಕ್ಕಿಸಿದಾಗ ವಿಂಡೋಸ್ ತಾನಾಗಿ ಸಾಮಾನ್ಯವಾಗಿ 150% ಹಾಕುತ್ತದೆ. ಅದು ಆ ಮಾನಿಟರ್ ಒಂದನ್ನೇ ನೋಡಿ ಕೊಟ್ಟ ಸಲಹೆ. ಪಕ್ಕದಲ್ಲಿ ಯಾವ ಮಾನಿಟರ್ ಇದೆ ಅಂತ ಅದು ಲೆಕ್ಕ ಹಾಕುವುದಿಲ್ಲ.

ಅಂದ ಹಾಗೆ ದೂರವೂ ಮುಖ್ಯ. ಎರಡೂ ಮಾನಿಟರ್ ಕಣ್ಣಿನಿಂದ ಒಂದೇ ದೂರದಲ್ಲಿದ್ದರೆ ಮಾತ್ರ ಈ ಲೆಕ್ಕ ನೇರವಾಗಿ ಹೊಂದುತ್ತದೆ. ಒಂದು ಮಾನಿಟರ್, ಒಂದು ಲ್ಯಾಪ್‌ಟಾಪ್ ಇರುವವರ ವಿಷಯ ಸ್ವಲ್ಪ ಬೇರೆ. 15.6 ಇಂಚಿನ 1920×1080 ಲ್ಯಾಪ್‌ಟಾಪಿನದು ಇಂಚಿಗೆ 141 ಪಿಕ್ಸೆಲ್. ಅದನ್ನು 125%ಗೆ ಇಟ್ಟರೆ ಅಕ್ಷರ ನಮ್ಮ 24 ಇಂಚಿನ ಮಾನಿಟರಿಗಿಂತ ಮರದ ಸ್ಕೇಲಿನ ಅಳತೆಯಲ್ಲಿ ಚಿಕ್ಕದೇ. ಆದರೆ ಲ್ಯಾಪ್‌ಟಾಪ್ ಕೈಗೆ ಹತ್ತಿರ ಇರುತ್ತದೆ. ಅದು 55 ಸೆಂ.ಮೀ. ದೂರದಲ್ಲಿ, ಮಾನಿಟರ್ 67 ಸೆಂ.ಮೀ. ದೂರದಲ್ಲಿ ಇದ್ದರೆ ಕಣ್ಣಿಗೆ ಎರಡೂ ಒಂದೇ ಅಳತೆ. ಹಾಗಾಗಿ ಲ್ಯಾಪ್‌ಟಾಪ್ ಇದ್ದಾಗ ಮರದ ಸ್ಕೇಲ್ ಹೇಳಿದ್ದನ್ನು ಪೂರ್ತಿ ನಂಬಬೇಡಿ. ಕೂತ ಜಾಗದಿಂದ ನೋಡಿ ತೀರ್ಮಾನಿಸಿ.

## ಮೌಸ್ ಯಾಕೆ ಗೋಡೆಗೆ ಹೊಡೆಯುತ್ತದೆ

ಈಗ ಎರಡನೆಯ ತಕರಾರು. ಸ್ಕೇಲ್ ಸರಿಮಾಡಿದ ಮೇಲೂ ಮೌಸ್ ಮೊದಲಿನ ಹಾಗೇ ಅಡ್ಡಾದಿಡ್ಡಿ ವರ್ತಿಸುತ್ತಿತ್ತು. "ನೀವು ಹೇಳಿದ್ದು ಮಾಡಿದೆ, ಏನೂ ಆಗಿಲ್ಲ" ಅಂದಳು. ಆಗುವುದಿಲ್ಲ, ಯಾಕೆಂದರೆ ಸ್ಕೇಲಿಗೂ ಮೌಸ್ ದಾಟುವುದಕ್ಕೂ ವಿಂಡೋಸಿನಲ್ಲಿ ಸಂಬಂಧ ಇಲ್ಲ.

`Display` ಪುಟದ ಆ ಎರಡು ಚೌಕಗಳನ್ನು ಮತ್ತೊಮ್ಮೆ ನೋಡಿ. 4ಕೆ ಮಾನಿಟರಿನ ಚೌಕ ಹಳೆಯದರ ದುಪ್ಪಟ್ಟು ಎತ್ತರ, ದುಪ್ಪಟ್ಟು ಅಗಲ ಇರುತ್ತದೆ. ಮೇಜಿನ ಮೇಲೆ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ, ಇಲ್ಲಿ ನೋಡಿದರೆ ಆನೆ ಪಕ್ಕ ಕುರಿ ನಿಂತ ಹಾಗೆ. ವಿಂಡೋಸ್ ಚೌಕ ಬಿಡಿಸುವುದು ಪಿಕ್ಸೆಲ್ ಎಣಿಸಿ. 2160 ಸಾಲು ಒಂದು ಕಡೆ, 1080 ಸಾಲು ಇನ್ನೊಂದು ಕಡೆ.

ಮೌಸ್ ದಾಟುವ ನಿಯಮ ಒಂದೇ: ಎರಡು ಚೌಕದ ಅಂಚು ಎಲ್ಲಿ ಒಂದಕ್ಕೊಂದು ತಾಗಿದೆಯೋ ಅಲ್ಲಿ ದಾರಿ, ಉಳಿದ ಕಡೆ ಗೋಡೆ. ಉದ್ದನೆಯ ಮನೆಯ ಗೋಡೆಗೆ ಒಂದು ಚಿಕ್ಕ ಮನೆ ಅಂಟಿಕೊಂಡಿದ್ದರೆ, ಆ ಮನೆ ಇರುವಷ್ಟು ಉದ್ದಕ್ಕೆ ಮಾತ್ರ ತಾನೇ ಬಾಗಿಲು ಇಡಲಾಗುವುದು? ದೊಡ್ಡ ಮಾನಿಟರಿನ 2160 ಸಾಲಿನಲ್ಲಿ 1080 ಸಾಲು ಮಾತ್ರ ಪಕ್ಕದ ಮಾನಿಟರಿಗೆ ತಾಗುತ್ತದೆ. ಅಂದರೆ 33.6 ಸೆಂ.ಮೀ. ಅಂಚಿನಲ್ಲಿ 16.8 ಸೆಂ.ಮೀ. ಮಾತ್ರ ದಾರಿ. ಇನ್ನರ್ಧ ಗೋಡೆ.

ದಾಟಿದ ಮೇಲೂ ಒಂದು ಪೇಚು ಉಳಿಯುತ್ತದೆ. ದೊಡ್ಡ ಮಾನಿಟರಿನ ಒಂದು ಸೆಂಟಿಮೀಟರಿನಲ್ಲಿ ಸುಮಾರು 64 ಸಾಲು ಚುಕ್ಕಿ ಇವೆ, ಚಿಕ್ಕದರಲ್ಲಿ ಸುಮಾರು 36. ಮೌಸ್ ಸಾಲು ಎಣಿಸಿಕೊಂಡು ದಾಟುತ್ತದೆ. ಈ ಕಡೆ 16.8 ಸೆಂ.ಮೀ. ಇರುವ ದಾರಿ ಆ ಕಡೆ 29.6 ಸೆಂ.ಮೀ.ಗೆ ಹರಡಿಕೊಳ್ಳುತ್ತದೆ. ಒಂದು ಕಡೆ ಇಕ್ಕಟ್ಟು, ಇನ್ನೊಂದು ಕಡೆ ಅಗಲವಾಗುವ ಕೊಳವೆ ಇದ್ದ ಹಾಗೆ. ಆದ್ದರಿಂದ ಎರಡೂ ಕಡೆ ಮೌಸ್ ಒಂದೇ ಎತ್ತರದಲ್ಲಿ ದಾಟುವ ಜಾಗ ಒಂದೇ ಒಂದು ಇರುತ್ತದೆ. ಅಲ್ಲಿಂದ ಮೇಲೆ ಕೆಳಗೆ ಹೋದಷ್ಟೂ ಮೌಸ್ ಹಾರುತ್ತದೆ.

ಇದು ಗೊತ್ತಾದರೆ ತಲೆನೋವು ಅರ್ಧ ಕಡಿಮೆ. ಚೌಕವನ್ನು ಎಷ್ಟು ಎಳೆದಾಡಿದರೂ ಎಲ್ಲ ಕಡೆಯೂ ಸರಿಹೊಂದುವುದಿಲ್ಲ. ನಮ್ಮ ಕೈಯಲ್ಲಿರುವುದು ಆ ಒಂದು ಜಾಗ ಎಲ್ಲಿರಬೇಕು ಅಂತ ಆರಿಸುವುದು ಮಾತ್ರ.

## ಕೆಳಗೋ, ನಡುವೆಯೋ

ಇಲ್ಲಿ ಎರಡು ದಾರಿ. ಎರಡೂ ಮಾನಿಟರಿನ ಕೆಳ ಅಂಚನ್ನು ಮೇಜಿನ ಮೇಲೆ ಒಂದೇ ಮಟ್ಟಕ್ಕೆ ನಿಲ್ಲಿಸಿ, `Display` ಪುಟದಲ್ಲೂ ಚಿಕ್ಕ ಚೌಕವನ್ನು ದೊಡ್ಡ ಚೌಕದ ಕೆಳ ಅಂಚಿಗೆ ಸರಿಯಾಗಿ ಎಳೆದು ಕೂರಿಸಬಹುದು. ಆಗ ತೀರ ಕೆಳಗೆ, ಟಾಸ್ಕ್‌ಬಾರ್ ಇರುವ ಕಡೆ, ಮೌಸ್ ನೇರವಾಗಿ ದಾಟುತ್ತದೆ. ಆದರೆ ಮೇಲಕ್ಕೆ ಹೋದಂತೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಚಿಕ್ಕ ಮಾನಿಟರಿನ ತುತ್ತತುದಿಯಿಂದ ಮೌಸನ್ನು ಎಡಕ್ಕೆ ತಳ್ಳಿದರೆ ದೊಡ್ಡದರಲ್ಲಿ ಅದು ಸುಮಾರು 13 ಸೆಂ.ಮೀ. ಕೆಳಗೆ ಹೋಗಿ ಬೀಳುತ್ತದೆ. ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ.

ಇನ್ನೊಂದು, ನಡುವಿಗೆ ಹೊಂದಿಸುವುದು. ಮೇಜಿನ ಮೇಲೆ ಎರಡೂ ಮಾನಿಟರಿನ ನಡುಮಧ್ಯ ಒಂದೇ ಎತ್ತರಕ್ಕೆ ಬರಬೇಕು. ಹೊಸದು ನಾಲ್ಕು ಸೆಂ.ಮೀ. ಎತ್ತರ ಜಾಸ್ತಿ ಇರುವುದರಿಂದ, ಹಳೆಯದರ ಕೆಳ ಅಂಚು ಹೊಸದರ ಕೆಳ ಅಂಚಿಗಿಂತ ಎರಡು ಸೆಂ.ಮೀ. ಮೇಲಿದ್ದರೆ ಸರಿ. ಅವಳ ಹಳೆಯ ಸ್ಟ್ಯಾಂಡ್ ಎತ್ತರ ಬದಲಿಸಲು ಬರುವಂಥದ್ದಲ್ಲ. ಕೆಳಗೆ ಎರಡು ಹಳೆಯ ಲೆಡ್ಜರ್ ಪುಸ್ತಕ ಇಟ್ಟಳು, ಅಷ್ಟಕ್ಕೆ ಮುಗಿಯಿತು. `Display` ಪುಟದಲ್ಲೂ ಚಿಕ್ಕ ಚೌಕವನ್ನು ದೊಡ್ಡದರ ನಡುವಿಗೆ ಎಳೆದು `Apply` ಒತ್ತಬೇಕು. ಈಗ ನಡುಮಧ್ಯದಲ್ಲಿ ಮೌಸ್ ಅಲುಗದೆ ದಾಟುತ್ತದೆ. ಮೂರು ಸೆಂಟಿಮೀಟರ್ ಮೇಲಿನಿಂದ ದಾಟಿದರೆ ಆ ಕಡೆ 5.3 ಸೆಂ.ಮೀ. ಮೇಲೆ ಬರುತ್ತದೆ. ಅತಿ ಹೆಚ್ಚೆಂದರೆ ತಪ್ಪು ಆರೂವರೆ ಸೆಂ.ಮೀ. ಮೊದಲಿನದರ ಅರ್ಧ.

ನಾನು ನಡುವನ್ನೇ ಆರಿಸಲು ಹೇಳುತ್ತೇನೆ. ಕೆಲಸ ಮಾಡುವಾಗ ಕಣ್ಣು, ಮೌಸ್ ಎರಡೂ ಹೆಚ್ಚಾಗಿ ಅಲ್ಲೇ ಇರುತ್ತವೆ. ಟಾಸ್ಕ್‌ಬಾರನ್ನು ಎರಡೂ ಕಡೆ ಸದಾ ಮುಟ್ಟುವವರಿಗೆ ಕೆಳ ಅಂಚೇ ಅನುಕೂಲ ಇರಬಹುದು.

ನಡುವಿಗೆ ಹೊಂದಿಸಿದಾಗ ದೊಡ್ಡ ಮಾನಿಟರಿನ ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಗೋಡೆಯಾಗಿ ಉಳಿಯುತ್ತದೆ. ಇದಕ್ಕೆ ವಿಂಡೋಸ್ 11ರಲ್ಲೇ ಮದ್ದು ಇದೆ. ಅದೇ ಪುಟದ `Multiple displays` ಅನ್ನುವ ಭಾಗ ತೆರೆದರೆ `Ease cursor movement between displays` ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಅಂಚು ತಾಗದ ಜಾಗದಿಂದಲೂ ಮೌಸ್ ಆಚೆ ದಾಟುತ್ತದೆ. ಹಾರುವುದು ಹಾರುತ್ತದೆ, ಆದರೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹಾರುವುದೂ ಬೇಡ ಅನ್ನುವವರಿಗೆ `LittleBigMouse` ಅನ್ನುವ ಒಂದು ಉಚಿತ ತಂತ್ರಾಂಶ ಇದೆ. ಅದು ಮಾನಿಟರುಗಳ ಸೆಂಟಿಮೀಟರ್ ಅಳತೆಯನ್ನು ಹಿಡಿದು ಮೌಸನ್ನು ದಾಟಿಸುತ್ತದೆ. ದಿನವಿಡೀ ಎರಡೂ ಮಾನಿಟರಿನ ನಡುವೆ ಚಿತ್ರಗಳನ್ನು ಎಳೆದಾಡುವವರಿಗೆ ಅದು ಬೇಕಾಗಬಹುದು. ಲೆಕ್ಕ ಬರೆಯುವವಳಿಗೆ ಆ ಟಿಕ್ ಸಾಕಾಯಿತು.

## ಒಂದು ಕಡೆ ಮಾತ್ರ ಮಂಜಾಗುವ ತಂತ್ರಾಂಶ

ಮೂರನೆಯ ತಕರಾರು ಉಳಿದಿದೆ. ಬ್ರೌಸರ್, ಎಕ್ಸೆಲ್ ಎಲ್ಲ ಎರಡೂ ಕಡೆ ಚೆನ್ನಾಗಿವೆ. ಹಳೆಯ ಟೈಪಿಂಗ್ ತಂತ್ರಾಂಶ ಮಾತ್ರ 4ಕೆ ಮಾನಿಟರಿನಲ್ಲಿ ಮಸುಕು. ಹಳೆಯ ಮಾನಿಟರಿಗೆ ಎಳೆದರೆ ಪಟ್ ಅಂತ ಸರಿಹೋಗುತ್ತದೆ.

ಪ್ರತಿ ಮಾನಿಟರಿಗೂ ಬೇರೆ ಬೇರೆ ಸ್ಕೇಲ್ ಇಡುವ ಅವಕಾಶ ವಿಂಡೋಸಿಗೆ ಬಂದದ್ದು 2013ರಲ್ಲಿ, 8.1ರ ಜೊತೆ. ಅದಕ್ಕಿಂತ ಮೊದಲು ಬರೆದ ತಂತ್ರಾಂಶಗಳಿಗೆ ಮಾನಿಟರ್ ಬದಲಾದರೆ ಸ್ಕೇಲ್ ಬದಲಾಗುತ್ತದೆ ಅನ್ನುವುದೇ ಗೊತ್ತಿಲ್ಲ. ಆಮೇಲೆ ಬರೆದವುಗಳಲ್ಲೂ ಎಷ್ಟೋ ಹಾಗೇ ಇವೆ. ಇಂಥ ತಂತ್ರಾಂಶ ನೀವು ಲಾಗಿನ್ ಆದಾಗ ಮುಖ್ಯ ಮಾನಿಟರಿಗೆ ಎಷ್ಟು ಸ್ಕೇಲ್ ಇತ್ತೋ ಅದನ್ನೇ ಹಿಡಿದುಕೊಂಡಿರುತ್ತದೆ. ಬೇರೆ ಸ್ಕೇಲ್ ಇರುವ ಮಾನಿಟರಿಗೆ ಹೋದಾಗ ವಿಂಡೋಸ್ ಅದರ ಕಿಟಕಿಯನ್ನು ಫೋಟೋದ ಹಾಗೆ ಎಳೆದು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಹೊಸದಾಗಿ ಬಿಡಿಸಿದ್ದಲ್ಲ, ಹಿಗ್ಗಿಸಿದ್ದು. ಅದಕ್ಕೇ ಮಸುಕು.

ಅವಳ ಕಂಪ್ಯೂಟರಿನಲ್ಲಿ ಮುಖ್ಯ ಮಾನಿಟರ್ ಇನ್ನೂ ಹಳೆಯದೇ ಆಗಿತ್ತು. 4ಕೆ ಚೌಕವನ್ನು ಒತ್ತಿ, `Multiple displays`ನಲ್ಲಿ `Make this my main display` ಟಿಕ್ ಮಾಡಿ, ಒಮ್ಮೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಲು ಹೇಳಿದೆ. ಸೈನ್ ಔಟ್ ಮಾಡದೆ ಬಿಟ್ಟರೆ ಹಳೆಯ ತಂತ್ರಾಂಶಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಮತ್ತೆ ತೆರೆದಾಗಲೂ 4ಕೆಯಲ್ಲಿ ಮೊದಲಿನಷ್ಟೇ ಮಸುಕು. ಅಂದರೆ ಇದು ಸ್ಕೇಲ್ ಅನ್ನುವ ಮಾತನ್ನೇ ಕೇಳಿರದಷ್ಟು ಹಳೆಯದು.

ಅಂಥವಕ್ಕೆ ಇನ್ನೊಂದು ಗುಂಡಿ ಇದೆ. ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ `Properties > Compatibility > Change high DPI settings`ಗೆ ಹೋಗಿ. ಅಲ್ಲಿ `Override high DPI scaling behavior` ಟಿಕ್ ಮಾಡಿದರೆ ಕೆಳಗೆ ಮೂರು ಆಯ್ಕೆ ತೆರೆಯುತ್ತವೆ. `Application` ಅಂದರೆ ವಿಂಡೋಸ್ ಕೈಬಿಟ್ಟು ತಂತ್ರಾಂಶಕ್ಕೇ ಒಪ್ಪಿಸುತ್ತದೆ. ಚೂಪಾಗುತ್ತದೆ, ಆದರೆ ಗುಂಡಿಗಳು ಇರುವೆಯಷ್ಟಾಗಬಹುದು. `System` ಅಂದರೆ ಹಿಗ್ಗಿಸುವ ಹಳೆಯ ದಾರಿ. `System (Enhanced)` ಅಂದರೆ ಸಾಧ್ಯವಾದ ಕಡೆ ಅಕ್ಷರಗಳನ್ನು ಹೊಸದಾಗಿ ಬಿಡಿಸಲು ನೋಡುತ್ತದೆ. ಮೊದಲು ಈ ಕೊನೆಯದನ್ನೇ ಹಾಕಿ ನೋಡಿ. ಅವಳಿಗೆ ಅದರಲ್ಲೇ ಒತ್ತಕ್ಷರ ಬಿಡಿಬಿಡಿಯಾಗಿ ಕಂಡವು. ಕೆಲವು ತಂತ್ರಾಂಶಗಳಲ್ಲಿ ಇದರಿಂದ ಮೆನು ಸಾಲು ಅಡ್ಡಾದಿಡ್ಡಿಯಾಗುತ್ತದೆ. ಹಾಗಾದರೆ ಟಿಕ್ ತೆಗೆದು, ಆ ತಂತ್ರಾಂಶವನ್ನು ಚಿಕ್ಕ ಮಾನಿಟರಿನಲ್ಲೇ ಇಟ್ಟುಕೊಳ್ಳುವುದು ಲೇಸು.

ಕಿಟಕಿಯನ್ನು ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಎಳೆಯುವಾಗ ಅರ್ಧ ಈ ಕಡೆ, ಅರ್ಧ ಆ ಕಡೆ ಇದ್ದಾಗ ಒಂದು ಭಾಗ ದೊಡ್ಡದು, ಒಂದು ಭಾಗ ಚಿಕ್ಕದು ಕಾಣುತ್ತದೆ. ಅದು ದೋಷ ಅಲ್ಲ. ಒಂದು ಕಿಟಕಿಗೆ ಒಂದು ಸಮಯಕ್ಕೆ ಒಂದೇ ಸ್ಕೇಲ್. ಹೆಚ್ಚಿನ ಪಾಲು ದಾಟಿದ ಮೇಲೆ ಅದು ಆ ಮಾನಿಟರಿನ ಸ್ಕೇಲಿಗೆ ಬದಲಾಗುತ್ತದೆ.

ಅಕ್ಷರದ ಅಂಚು ಇನ್ನೂ ಹಿತ ಅನಿಸದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ `cttune` ಅಂತ ಟೈಪ್ ಮಾಡಿ. ಅಕ್ಷರದ ಮಾದರಿಗಳನ್ನು ತೋರಿಸಿ ಯಾವುದು ಚೆಂದ ಅಂತ ಕೇಳುತ್ತದೆ, ಪ್ರತಿ ಮಾನಿಟರಿಗೂ ಬೇರೆ ಬೇರೆಯಾಗಿ. 93 ಪಿಪಿಐನ ಹಳೆಯ ಮಾನಿಟರಿಗೆ ಇದರ ಉಪಯೋಗ ಜಾಸ್ತಿ.

## ಮೌಸ್ ತಡವರಿಸಿದರೆ ಕೇಬಲ್ ನೋಡಿ

ಎಲ್ಲ ಸರಿಯಾದ ಮೇಲೂ 4ಕೆ ಮಾನಿಟರಿನಲ್ಲಿ ಮಾತ್ರ ಮೌಸ್ ಜೇನುತುಪ್ಪದಲ್ಲಿ ಈಜಿದ ಹಾಗೆ ಅನಿಸುತ್ತಿದ್ದರೆ `Advanced display` ತೆರೆದು ರಿಫ್ರೆಶ್ ರೇಟ್ ನೋಡಿ. 30 ಹರ್ಟ್ಸ್ ಅಂತ ಇದ್ದರೆ ಕಾರಣ ಅದೇ. ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತಿದೆ, 60 ಇರಬೇಕಿತ್ತು. ಹಳೆಯ ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು 30ಕ್ಕಿಂತ ವೇಗವಾಗಿ ಕಳಿಸಲಾರದು, 60 ಬೇಕಾದರೆ 2.0 ಇರಬೇಕು. ಕಂಪ್ಯೂಟರ್, ಕೇಬಲ್, ಮಧ್ಯದ ಅಡಾಪ್ಟರ್, ಮಾನಿಟರ್ ಈ ನಾಲ್ಕರಲ್ಲಿ ಯಾವುದು ಹಳೆಯದೋ ಅದರ ವೇಗವೇ ಎಲ್ಲದರ ವೇಗ. ಅಗ್ಗದ ಯುಎಸ್‌ಬಿ-ಸಿ ಅಡಾಪ್ಟರುಗಳಲ್ಲಿ ಹೀಗಾಗುವುದು ಜಾಸ್ತಿ. ಡಿಸ್‌ಪ್ಲೇಪೋರ್ಟ್ ಇದ್ದರೆ 4ಕೆ ಮಾನಿಟರನ್ನು ಅದಕ್ಕೆ ಸಿಕ್ಕಿಸಿ, ಹಳೆಯದನ್ನು ಎಚ್‌ಡಿಎಂಐಗೆ ಬಿಡಿ.

## ಮ್ಯಾಕ್, ಲಿನಕ್ಸ್ ಇರುವವರಿಗೆ

ಮ್ಯಾಕ್‌ನಲ್ಲಿ ಸಮಸ್ಯೆಯ ರೂಪವೇ ಬೇರೆ. ಅದು 4ಕೆ ಮಾನಿಟರನ್ನು ಸಾಮಾನ್ಯವಾಗಿ "1920×1080ರ ಹಾಗೆ ಕಾಣುವಂತೆ" ಇಡುತ್ತದೆ, ಅಂದರೆ ನಮ್ಮ ಲೆಕ್ಕದ 200%. `Arrange` ಪುಟದಲ್ಲಿ ಚೌಕಗಳನ್ನೂ ಸ್ಕೇಲ್ ಆದ ಮೇಲಿನ ಅಳತೆಯಲ್ಲೇ ಬಿಡಿಸುತ್ತದೆ. ಹಾಗಾಗಿ ನಮ್ಮ ಈ ಜೋಡಿಯಲ್ಲಿ ಎರಡೂ ಚೌಕ ಸಮಸಮ, ಮೌಸ್ ಮೇಲಿಂದ ಕೆಳಗಿನವರೆಗೂ ದಾಟುತ್ತದೆ. ಬದಲಿಗೆ ದೊಡ್ಡದರಲ್ಲಿ ಅಕ್ಷರ ಸುಮಾರು 13% ದಪ್ಪ. 1080 ಸಾಲಿನ ಹಳೆಯ ಮಾನಿಟರಿನಲ್ಲಿ ಮ್ಯಾಕ್ ಅಕ್ಷರ ತುಸು ಒರಟಾಗಿಯೂ ಕಾಣುತ್ತದೆ. ಇಂಥ ಮಾನಿಟರುಗಳಲ್ಲಿ ಅಕ್ಷರದ ಅಂಚನ್ನು ನಯ ಮಾಡುತ್ತಿದ್ದ ಹಳೆಯ ವಿಧಾನವನ್ನು 2018ರ ಮೊಹಾವೆ ಆವೃತ್ತಿಯಿಂದ ಕೈಬಿಟ್ಟಿದ್ದಾರೆ.

ಲಿನಕ್ಸಿನಲ್ಲಿ ಮೊದಲು ನೋಡಬೇಕಾದದ್ದು ವೇಲ್ಯಾಂಡ್ ಇದೆಯೋ ಎಕ್ಸ್11 ಇದೆಯೋ ಅಂತ. ವೇಲ್ಯಾಂಡ್ ಆದರೆ ಮಾನಿಟರಿಗೊಂದು ಸ್ಕೇಲ್ ಇಡಬಹುದು. ಎಕ್ಸ್11ರಲ್ಲಿ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ. ಅಲ್ಲಿ ಒಟ್ಟು ಸ್ಕೇಲ್ 200% ಇಟ್ಟು, ಚಿಕ್ಕ ಮಾನಿಟರಿಗೆ ದುಪ್ಪಟ್ಟು ಚಿತ್ರ ಬಿಡಿಸಿ ಕುಗ್ಗಿಸಿ ಕಳಿಸುವ ಒಂದು ಉಪಾಯ ಇದೆ:

```
xrandr --output DP-1 --auto --pos 0x0 --output HDMI-1 --auto --scale 2x2 --pos 3840x0
```

`DP-1`, `HDMI-1` ಇರುವ ಜಾಗದಲ್ಲಿ ನಿಮ್ಮ ಪೋರ್ಟಿನ ಹೆಸರು ಬರಬೇಕು. ಸುಮ್ನೆ `xrandr` ಅಂತ ಕೊಟ್ಟರೆ ಹೆಸರು ತೋರಿಸುತ್ತದೆ. ಹೀಗೆ ಕುಗ್ಗಿಸಿದ ಮಾನಿಟರಿನಲ್ಲಿ ಅಕ್ಷರ ತುಸು ಮೆತ್ತಗೆ ಕಾಣುತ್ತದೆ.

## ಒಂದು ವಾರದ ಮೇಲೆ

ಮುಂದಿನ ಭಾನುವಾರ ಮತ್ತೆ ಫೋನ್ ಮಾಡಿದಾಗ "ಹೇಗಿದೆಯಮ್ಮ?" ಅಂದೆ. ಮೌಸ್, ಟೈಪಿಂಗ್ ಎಲ್ಲ ಸರಿ ಇದೆಯಂತೆ. ಆದರೆ 4ಕೆಯನ್ನು 175ರಿಂದ 150ಕ್ಕೆ ಇಳಿಸಿದ್ದಾಳೆ.

"ಅಕ್ಷರ ಸ್ವಲ್ಪ ಚಿಕ್ಕದಾಯ್ತು ಮಾಮ, ಗೊತ್ತು. ಆದ್ರೆ ಎಕ್ಸೆಲ್‌ನಲ್ಲಿ ಮಾರ್ಚ್‌ವರೆಗೂ ಕಾಣ್ಸತ್ತೆ. 175ರಲ್ಲಿ ಜನವರಿಗೇ ನಿಂತೋಗ್ತಿತ್ತು."

ಹಾಳೆಯ ಅಗಲ ಈಗ ಒಂದು ಕಡೆ 18.5, ಇನ್ನೊಂದು ಕಡೆ 21.8. ಲೆಡ್ಜರ್ ಪುಸ್ತಕಗಳು ಮಾತ್ರ ಹಳೆಯ ಮಾನಿಟರಿನ ಕೆಳಗೆ ಹಾಗೇ ಇವೆ.